ಮೂರು ದಿನದ ಏಕಾದಶಿ

ಬೆಳಗ್ಗೆ ನಾನು ಹಾಲು ಕಾಯಿಸಲು ಎದ್ದು ಬರುವ ಹೊತ್ತಿಗೆ ನಮ್ಮ ಮಾವ ನಡುಮನೆಯ ಸೋಫಾದಲ್ಲಿ ಕೂತು ಫೋನಿನ ಕೀಬೋರ್ಡಿನಲ್ಲಿ ಚಂದ್ರನನ್ನು ಹುಡುಕುತ್ತಿರುತ್ತಿದ್ದರು. ಹಳದಿ ಮುಖಗಳ ರಾಶಿ ದಾಟಿ, ಕೈಬೆರಳುಗಳನ್ನು ದಾಟಿ, ನಾಯಿ ಬೆಕ್ಕು ಕಪ್ಪೆಗಳನ್ನು ದಾಟಿ ಒಂದೊಂದೇ ಸಾಲು ತಳ್ಳುತ್ತಾ ಹೋಗಬೇಕು. ಒಂದು ಬೆರಳು ಜೋರಾಗಿ ತಳ್ಳಿದರೆ ಚಂದ್ರ ಹಿಂದೆ ಉಳಿದು ದೇಶದೇಶಗಳ ಬಾವುಟ ಬಂದುಬಿಡುತ್ತಿತ್ತು. ಆಗ ಮಾವ "ಅಯ್ಯೋ ರಾಮಾ, ಮತ್ತೆ ಫಾರಿನ್ನಿಗೆ ಹೋಯ್ತು" ಎಂದು ಮೊದಲಿನಿಂದ ಶುರುಮಾಡುತ್ತಿದ್ದರು.

ಇದು ಯಾಕೆ ಬೇಕಿತ್ತು ಅಂದರೆ, ಮಾವ ದಿನಾ ಬೆಳಗ್ಗೆ ಮನೆತನದ ವಾಟ್ಸಾಪ್ ಗ್ರೂಪಿಗೆ ಪಂಚಾಂಗ ಕಳಿಸುತ್ತಿದ್ದರು. ಅತ್ತೆ ಹೋದ ಮೇಲೆ ಈ ಮನುಷ್ಯ ಹಾಸಿಗೆ ಬಿಟ್ಟು ಏಳುವುದಕ್ಕೇ ಬೇಜಾರು ಮಾಡಿಕೊಂಡಿದ್ದರು. ಒಂದು ದಿನ ಯಾರೋ ಗ್ರೂಪಿನಲ್ಲಿ ಇವತ್ತು ಯಾವ ತಿಥಿ ಎಂದು ಕೇಳಿದರು, ಮಾವ ಪಂಚಾಂಗದ ಪುಸ್ತಕ ತೆಗೆದು ಉತ್ತರ ಬರೆದರು, ಮರುದಿನ ಯಾರೂ ಕೇಳದೆಯೇ ಬರೆದರು. ಅಲ್ಲಿಂದ ಮಾವನಿಗೆ ಬೆಳಗಾಗತೊಡಗಿತು. ಸ್ನಾನ, ಸಂಧ್ಯಾವಂದನೆ, ಆಮೇಲೆ ಪಂಚಾಂಗ, ಆಮೇಲೆ ಪಾರ್ಕು. ಆ ಮೆಸೇಜು ನಿಂತರೆ ಮಾವ ಮತ್ತೆ ಮಲಗಿಬಿಡುತ್ತಾರೆ ಎಂದು ನನಗೂ ನನ್ನ ಗಂಡನಿಗೂ ಒಳಗೊಳಗೇ ಭಯವಿತ್ತು. ಹಾಗಾಗಿ ಆ ಮೆಸೇಜನ್ನು ನಾನು ಹಾಲಿನಷ್ಟೇ ಮುತುವರ್ಜಿಯಿಂದ ಕಾಯುತ್ತಿದ್ದೆ.

ಬರೀ ತಿಥಿ ನಕ್ಷತ್ರ ಬರೆದು ಕಳಿಸಿದ್ದರೆ ಎರಡು ನಿಮಿಷದ ಕೆಲಸ. ಮಾವ ಬಿಡಬೇಕಲ್ಲ! ಮೇಲೆ ಎರಡು ಕಡೆ ಜೋಡಿ ಗೆರೆಗಳ ನಡುವೆ 'ಶ್ರೀ' ಬರಬೇಕು. ಆ ಗೆರೆ ಬೇಕಾದರೆ ಅಂಕಿಗಳ ಪುಟಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಚಿಹ್ನೆಗಳ ಪುಟಕ್ಕೆ ಹೋಗಿ ಹುಡುಕಬೇಕು. ಅದರ ಕೆಳಗೆ ಸಂಕಲ್ಪದಲ್ಲಿ ಹೇಳುವ ಹಾಗೆ ಸಂವತ್ಸರ, ಅಯನ, ಋತು, ಮಾಸ, ಪಕ್ಷ ಎಲ್ಲ ಒಂದರ ಕೆಳಗೊಂದು. ಸೂರ್ಯೋದಯಕ್ಕೆ ಸೂರ್ಯ, ನಕ್ಷತ್ರಕ್ಕೆ ನಕ್ಷತ್ರ, ರಾಹುಕಾಲಕ್ಕೆ ಕೆಂಪು ತಡೆ ಚಿಹ್ನೆ. ತಿಥಿಯ ಮುಂದೆ ಚಂದ್ರ. ಅದೂ ಯಾವುದೋ ಒಂದು ಚಂದ್ರ ಆಗುವುದಿಲ್ಲ, ಆ ದಿನ ಆಕಾಶದಲ್ಲಿ ಎಷ್ಟು ತುಂಬಿದ್ದಾನೋ ಅಷ್ಟೇ ತುಂಬಿದ ಚಂದ್ರ ಬೇಕು.

"ಇದನ್ನ ಮಾಡಿದವನಿಗೆ ಬುದ್ಧಿ ಇಲ್ಲಮ್ಮ," ಎಂದು ನನ್ನೆದುರು ದೂರಿದ್ದರು. "ಮೂವತ್ತು ತಿಥಿ ಇದೆ. ಎಂಟೇ ಎಂಟು ಚಂದ್ರ ಇಟ್ಟಿದಾನೆ. ನಾನು ಷಷ್ಠಿಗೆ ಏನ್ ಹಾಕ್ಲಿ, ಸಪ್ತಮಿಗೆ ಏನ್ ಹಾಕ್ಲಿ?"

"ಅರ್ಧ ಚಂದ್ರನ್ನೇ ಹಾಕಿ ಮಾವ, ಯಾರು ಅಳತೆ ಮಾಡ್ತಾರೆ?"

"ಓದೋರು ಇದಾರಮ್ಮ. ದಿನಾ ಕೈ ಮುಗೀತಾರೆ."

ವಾರದ ಹೆಸರನ್ನು ಮಾತ್ರ ಮಾವ ಬರೆಯುತ್ತಿರಲಿಲ್ಲ. ಇವತ್ತು ಯಾವ ವಾರ ಅಂತ ಗೊತ್ತಿಲ್ಲದವನಿಗೆ ತಿಥಿ ಯಾಕೆ ಎಂಬುದು ಅವರ ವಾದ.

ಈ ಅಲಂಕಾರವೆಲ್ಲ ಮುಗಿಯುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿರುತ್ತಿತ್ತು. ಅಷ್ಟರಲ್ಲಿ ಮಾವನ ತಮ್ಮ, ನಮ್ಮ ಜೆ.ಪಿ. ನಗರದ ಚಿಕ್ಕಮಾವ, ಎಲ್ಲಿಂದಲೋ ಬಂದ ಗುಲಾಬಿ ಹೂವಿನ ರೆಡಿಮೇಡ್ ಪಂಚಾಂಗದ ಚಿತ್ರವನ್ನು ಗ್ರೂಪಿಗೆ ತಳ್ಳಿ ಮುಗಿಸಿರುತ್ತಿದ್ದರು. ಅದರ ಕೆಳಗೆ ಯಾವುದೋ ಮಂಡಿನೋವಿನ ಎಣ್ಣೆಯ ಜಾಹೀರಾತು. ಕೈ ಮುಗಿಯುವವರೆಲ್ಲ ಅದಕ್ಕೇ ಮುಗಿದುಬಿಡುತ್ತಿದ್ದರು. ಹೊಟ್ಟೆ ಉರಿಯದೆ ಇರುತ್ತದೆಯೇ?

"ಅವನಿಗೇನ್ ಕಷ್ಟ? ಒಂದ್ ಬೆರಳು ಒತ್ತಿದ್ರೆ ಆಯ್ತು. ನಾನು ಗಣಿತ ಮಾಡಿ ಬರೀತೀನಿ," ಎಂದು ಮಾವ ಗೊಣಗುತ್ತಿದ್ದರು. ಗಣಿತ ಗಿಣಿತ ಏನೂ ಇಲ್ಲ, ಪುಸ್ತಕ ನೋಡಿ ಬರೆಯುತ್ತಿದ್ದರು. ಆದರೆ ಹಿರಿಯರ ಬಾಯಿಗೆ ಕೈ ಅಡ್ಡ ಇಡಬಾರದು.

ನಾನು ಮನೆಯಲ್ಲೇ ಕೂತು ಬಿಟಿಎಂ ಲೇಔಟಿನ ಒಂದು ಟ್ಯುಟೋರಿಯಲ್‌ಗೆ ಗಣಿತ, ವಿಜ್ಞಾನದ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡುವವಳು. ವರ್ಗಮೂಲ, ಕೋನ, ಓಮ್, ಡಿಗ್ರಿ, ಇವೆಲ್ಲ ನನ್ನ ದಿನನಿತ್ಯದ ಸಾಸಿವೆ ಜೀರಿಗೆ. ಕಂಪ್ಯೂಟರಿನಲ್ಲಿ ವಿಂಡೋಸ್ ಕೀ ಒತ್ತಿ ಹಿಡಿದು ಪೂರ್ಣವಿರಾಮದ ಚುಕ್ಕಿ ಒತ್ತಿದರೆ ಸಣ್ಣ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಅದರಲ್ಲಿ ಎಮೋಜಿಯೂ ಇದೆ, ಚಿಹ್ನೆಗಳೂ ಇವೆ. ಎಮೋಜಿ ಬೇಕಿದ್ದರೆ ಅದರ ಇಂಗ್ಲಿಷ್ ಹೆಸರು ಹೊಡೆದರೆ ಸಾಕು, ಎದುರು ಬಂದು ನಿಲ್ಲುತ್ತದೆ. ಇಷ್ಟು ಸುಲಭದ ದಾರಿ ಮನೆಯಲ್ಲೇ ಇರುವಾಗ ಮಾವ ಯಾಕೆ ಬಾವುಟಗಳ ನಡುವೆ ಅಲೆಯಬೇಕು ಎಂದು ನನಗೆ ಕನಿಕರ ಹುಟ್ಟಿತು. ನನ್ನ ಕನಿಕರ ಯಾವತ್ತೂ ನನಗೇ ತಿರುಗುಬಾಣ.

ಮಾವನನ್ನು ನನ್ನ ಕುರ್ಚಿಯಲ್ಲಿ ಕೂರಿಸಿದೆ. ಅವರ ವಾಟ್ಸಾಪನ್ನು ಕಂಪ್ಯೂಟರಿನಲ್ಲೂ ತೆರೆದುಕೊಟ್ಟೆ.

"ವಿಂಡೋಸ್ ಒತ್ಕೊಂಡೇ ಚುಕ್ಕಿ ಒತ್ತಬೇಕು ಮಾವ. ಕೈ ಬಿಡಬಾರ್ದು."

ಮಾವ ವಿಂಡೋಸ್ ಒತ್ತಿದರು, ಬಿಟ್ಟರು, ಚುಕ್ಕಿ ಒತ್ತಿದರು. ಸ್ಟಾರ್ಟ್ ಮೆನು ತೆರೆದು ಚುಕ್ಕಿಯನ್ನು ಹುಡುಕತೊಡಗಿತು.

"ಒಟ್ಟಿಗೆ ಮಾವ, ಒಟ್ಟಿಗೆ."

"ಒಟ್ಟಿಗೇ ಒತ್ತಿದ್ದು ಕಣಮ್ಮ. ಇದು ಒಂದರ ಹಿಂದೆ ಒಂದು ತಗೊಂಡ್ರೆ ನನ್ನ ತಪ್ಪಾ?"

ಆರನೆಯದೋ ಏಳನೆಯದೋ ಸಲ ಪೆಟ್ಟಿಗೆ ತೆರೆಯಿತು. ಮೂನ್ ಎಂದು ಹೊಡೆದರು. ಚಂದ್ರರೆಲ್ಲ ಸಾಲಾಗಿ ಬಂದರು. ಮಾವನ ಮುಖದಲ್ಲಿ ಚೌತಿಯ ಕಡುಬು ಕಂಡ ಹುಡುಗನ ಸಂತೋಷ. ಆ ಉತ್ಸಾಹದಲ್ಲಿ ನಾನು ಇನ್ನೊಂದು ವಿದ್ಯೆಯನ್ನೂ ಕೊಟ್ಟೆ. ವಿಂಡೋಸ್ ಜೊತೆ 'ವಿ' ಒತ್ತಿದರೆ ಈವರೆಗೆ ಕಾಪಿ ಮಾಡಿದ್ದೆಲ್ಲ ಒಂದರ ಕೆಳಗೊಂದು ಕಾಣುತ್ತದೆ, ಬೇಕಾದ್ದನ್ನು ಆರಿಸಿ ಹಾಕಬಹುದು. ಮೊದಲ ಸಲ ಅದು ಆನ್ ಮಾಡಲೇ ಎಂದು ಕೇಳುತ್ತದೆ, ಒಮ್ಮೆ ಹೂಂ ಅಂದರೆ ಸಾಕು.

ಎರಡು ದಿನ ಚೆನ್ನಾಗಿತ್ತು. ಮೂರನೆಯ ದಿನ ನಾನು ವಿಜ್ಞಾನದ ಪ್ರಶ್ನೆಯೊಂದನ್ನು ಕಾಪಿ ಮಾಡಿಕೊಂಡೆ, ಅಷ್ಟರಲ್ಲಿ ಹಾಲು ಉಕ್ಕುವ ಸದ್ದಾಯಿತು, ಓಡಿದೆ. ಆ ಸಂದಿಯಲ್ಲಿ ಮಾವ ಬಂದು ಕೂತು, ತಮ್ಮ ಪಂಚಾಂಗ ಕಾಪಿ ಮಾಡಿ, ಕಳಿಸಿ, ಪಾರ್ಕಿಗೆ ಹೋದರು. ನಾನು ಬಂದವಳು ನೋಡದೆ ಪೇಸ್ಟ್ ಒತ್ತಿ, ಕಡತ ಮುಚ್ಚಿ, ಕಳಿಸಿಬಿಟ್ಟೆ. ಮಧ್ಯಾಹ್ನ ಟ್ಯುಟೋರಿಯಲ್‌ನವರ ಫೋನು.

"ಮೇಡಂ, ಒಂದ್ ಡೌಟು. ಆರನೇ ಪ್ರಶ್ನೆ ಸಿಲಬಸ್‌ನಲ್ಲಿದ್ಯಾ?"

"ಇದೆ ಸಾರ್, ಬೆಳಕಿನ ಪ್ರತಿಫಲನ."

"ಇಲ್ಲಿ ಶುಕ್ಲ ಪಕ್ಷ, ಪಂಚಮಿ ಅಂತ ಇದೆ ಮೇಡಂ. ಇದಕ್ಕೆ ಎಷ್ಟು ಮಾರ್ಕ್ಸು?"

ನನಗೆ ನಖಶಿಖಾಂತ ಉರಿದುಹೋಯಿತು. ಯಾರ ಮೇಲೆ ಕೂಗಾಡಲಿ? ಮಾವನ ಮೇಲೆ ಕೂಗಾಡುವ ಹಾಗಿಲ್ಲ, ಕಂಪ್ಯೂಟರಿಗೆ ಕಿವಿ ಇಲ್ಲ. ಗಂಡನ ಮೇಲೆ ಕೂಗಾಡಿದೆ. ಅವರು ಅಭ್ಯಾಸಬಲದಿಂದ "ಸಾರಿ" ಅಂದರು. ಅವತ್ತೇ ಮಾವನನ್ನು ಕಂಪ್ಯೂಟರಿನಿಂದ ಇಳಿಸಿ ಮತ್ತೆ ಫೋನಿಗೆ ಹತ್ತಿಸಿದೆ. ಫೋನಿನ ಕೀಬೋರ್ಡಿನಲ್ಲೂ ನಗುಮುಖದ ಗುಂಡಿ ಒತ್ತಿದರೆ ಮೇಲೆ ಹುಡುಕುವ ಜಾಗ ಇದೆ ಎಂದು ತೋರಿಸಿದೆ. ಅದನ್ನು ಮಾವ ಬೇಗ ಕಲಿತರು. ಲ್ಯಾಂಪ್ ಎಂದು ಹೊಡೆದರೆ ಹಣತೆ ಬರುವುದನ್ನು ಕಂಡು, ಬೇಕಿಲ್ಲದಿದ್ದರೂ ನಾಲ್ಕು ಹಣತೆ ಹಚ್ಚಿದರು.

ಚಂದ್ರ ಸಿಕ್ಕಿದರೂ ಬೆಳಗ್ಗೆ ತಡವಾಗುವುದು ತಪ್ಪಲಿಲ್ಲ. ಅದಕ್ಕೆ ಮಾವ ತಾವೇ ಒಂದು ಉಪಾಯ ಮಾಡಿದರು. ನಾಳೆಯ ಪಂಚಾಂಗವನ್ನು ಇವತ್ತು ಸಂಜೆಯೇ ಬರೆಯುವುದು. ಮದುವೆಮನೆಯಲ್ಲಿ ಹಿಂದಿನ ದಿನವೇ ತರಕಾರಿ ಹೆಚ್ಚಿಟ್ಟುಕೊಳ್ಳುವುದಿಲ್ಲವೇ, ಹಾಗೆ. ಬರೆದದ್ದನ್ನು ಗ್ರೂಪಿನ ಮೆಸೇಜು ಪೆಟ್ಟಿಗೆಯಲ್ಲೇ ಬಿಟ್ಟರೆ ಕೈ ತಾಗಿ ಹೋಗಿಬಿಡುತ್ತದೆಂಬ ಭಯ. ಒಮ್ಮೆ ಹಾಗಾಗಿ ಅಷ್ಟಮಿಯ ರಾತ್ರಿಯೇ ನವಮಿ ಬಂದು ಗಲಾಟೆಯಾಗಿತ್ತು. ಹಾಗಾಗಿ ಪೂರ್ತಿ ಬರೆದು, ಎರಡು ಸಲ ಓದಿ, ಎಲ್ಲವನ್ನೂ ಕಟ್ ಮಾಡಿ ಇಟ್ಟುಕೊಂಡರು. ಬೆಳಗ್ಗೆ ಕೀಬೋರ್ಡಿನ ಮೇಲಿರುವ ಕ್ಲಿಪ್‌ಬೋರ್ಡಿನ ಚಿತ್ರ ಒತ್ತಿ ಅಲ್ಲಿಂದ ಹಾಕಿದರಾಯಿತು ಎಂದು ಅವರ ಲೆಕ್ಕ.

ಬೆಳಗ್ಗೆ ನೋಡಿದರೆ ಅಲ್ಲಿ ಏನೂ ಇಲ್ಲ.

"ಯಾರೋ ಅಳಿಸಿದಾರೆ!" ಎಂದು ಮಾವ ಕೂಗಿದ ಕೂಗಿಗೆ ಎದುರು ಮನೆಯ ನಾಯಿ ಬೊಗಳಿತು. "ಇದು ನನ್ನ ತಮ್ಮಂದೇ ಕೆಲ್ಸ."

"ಚಿಕ್ಕಮಾವ ಜೆ.ಪಿ. ನಗರದಲ್ಲಿ ಕೂತು ನಿಮ್ಮ ಫೋನಿಗೆ ಹೇಗೆ ಕೈ ಹಾಕ್ತಾರೆ?"

"ಅವನಿಗೆ ಚಿಕ್ಕಂದಿನಿಂದ್ಲೂ ಅದೇ ಬುದ್ಧಿ. ನನ್ನ ಸ್ಲೇಟು ಉಜ್ಜಿ ಅಳಿಸ್ತಿದ್ದ."

ನಾನು ನೋಡಿದೆ. ಆ ಕೀಬೋರ್ಡು ಕಾಪಿ ಮಾಡಿದ್ದನ್ನು ಒಂದು ಗಂಟೆ ಇಟ್ಟುಕೊಂಡಿರುತ್ತದೆ, ಆಮೇಲೆ ತಾನೇ ಎಸೆದುಬಿಡುತ್ತದೆ. ಉಳಿಯಬೇಕು ಅಂದರೆ ಅದರ ಮೇಲೆ ಬೆರಳು ಒತ್ತಿ ಹಿಡಿದು ಪಿನ್ ಮಾಡಬೇಕು. ಅವತ್ತು ಏಕಾದಶಿ. ಮಾವ ಮತ್ತೆ ಕೂತು ಪೂರ್ತಿ ಬರೆದರು, ಕಳಿಸಿದರು. ಆ ಏಕಾದಶಿಯ ಮೆಸೇಜನ್ನೇ ನಾನು ಕಾಪಿ ಮಾಡಿ ಪಿನ್ ಮಾಡಿಕೊಟ್ಟೆ.

"ನೋಡಿ ಮಾವ, ಇನ್ಮೇಲೆ ಇದು ಎಲ್ಲೂ ಹೋಗಲ್ಲ. ಇದನ್ನ ಹಾಕಿ, ತಿಥಿ, ನಕ್ಷತ್ರ, ರಾಹುಕಾಲ ಮಾತ್ರ ಬದಲಾಯ್ಸಿ. ಉಳಿದ ಅಲಂಕಾರ ಹಾಗೇ ಇರತ್ತೆ."

"ಶಾಶ್ವತ?"

"ಶಾಶ್ವತ."

ಮಾವ ನನ್ನ ತಲೆಯ ಮೇಲೆ ಕೈಯಿಟ್ಟು "ಸುಖವಾಗಿರು" ಅಂದರು. ಮದುವೆಯಾದ ದಿನದ ನಂತರ ಆ ಆಶೀರ್ವಾದ ಸಿಕ್ಕಿದ್ದು ಆವತ್ತೇ. ನಾನು ಬೀಗಿದೆ, ಬೀಗಿ ಮರೆತೆ.

ಮರುದಿನ ಮಾವನ ಪಂಚಾಂಗ ಬೆಳಗಾಗುವ ಮೊದಲೇ ಹೋಗಿತ್ತು. ಚಿಕ್ಕಮಾವನ ಗುಲಾಬಿ ಹೂವು ಎಷ್ಟೋ ಹೊತ್ತಿನ ಮೇಲೆ ಬಂತು. ಕೈ ಮುಗಿದವರೆಲ್ಲ ಮಾವನಿಗೇ ಮುಗಿದಿದ್ದರು. ಮಾವ ಎದೆ ಉಬ್ಬಿಸಿಕೊಂಡು ಪಾರ್ಕಿಗೆ ಹೋದರು, ಬರುವಾಗ ಮಲ್ಲಿಗೆ ಹೂವು, ಎಳೆಯ ಬೆಂಡೆಕಾಯಿ ತಂದರು. ಅದರ ಮರುದಿನವೂ ಹಾಗೇ. ಮನೆಯಲ್ಲಿ ಹಬ್ಬದ ವಾತಾವರಣ. ನಾನು ನನ್ನ ಕೋನ, ತ್ರಿಕೋನಗಳ ಜೊತೆ ನೆಮ್ಮದಿಯಾಗಿದ್ದೆ.

ಆ ಬೆಳಗ್ಗೆಯೇ, ನಾನು ತಿಂಡಿಗೆ ಅವಲಕ್ಕಿ ನೆನೆಹಾಕಿದ್ದೆ, ಗೇಟಿನ ಹತ್ತಿರ ಆಟೋ ನಿಂತ ಸದ್ದಾಯಿತು. ಇಳಿದವರು ಇಟ್ಟಮಡು ಅತ್ತೆ. ಅಂದರೆ ಮಾವನ ತಂಗಿ, ಇಟ್ಟಮಡುವಿನಲ್ಲಿ ಮಗಳ ಮನೆಯ ಮೇಲಿನ ಮಹಡಿಯಲ್ಲಿ ತಮ್ಮದೇ ಒಲೆ ಹೂಡಿಕೊಂಡು ಇರುವವರು. ಗಟ್ಟಿ ಹೆಂಗಸು. ಆಟೋದವನ ಹತ್ತಿರ ಚೌಕಾಶಿ ಮಾಡದೆ ಇಳಿದದ್ದು ನೋಡಿಯೇ ಏನೋ ಹೆಚ್ಚುಕಮ್ಮಿಯಾಗಿದೆ ಎಂದುಕೊಂಡೆ. ಮುಖ ಒಣಗಿತ್ತು. ಒಳಗೆ ಬಂದವರು ಚಪ್ಪಲಿ ಬಿಟ್ಟು ಕುರ್ಚಿಯಲ್ಲಿ ಕುಸಿದರು.

"ಅಣ್ಣ ಎಲ್ಲಿ?"

"ಪಾರ್ಕಿಗೆ ಹೋಗಿದಾರೆ, ಈಗ ಬರ್ತಾರೆ. ಅವಲಕ್ಕಿ ಒಗ್ಗರಣೆ ಹಾಕ್ತಿದೀನಿ ಅತ್ತೆ, ಬಿಸಿಬಿಸಿ ತಿನ್ನಿ."

"ತಿನ್ನೋ ಹಾಗಿದ್ರೆ ಇಲ್ಲಿಗೆ ಯಾಕೆ ಬರ್ತಿದ್ದೆ? ಇವತ್ತೂ ಏಕಾದಶಿ ಅಂತಲ್ಲೇ!"

ನನ್ನ ಕೈಯಲ್ಲಿದ್ದ ಸಾಸಿವೆ ಡಬ್ಬಿ ಅಲ್ಲೇ ನಿಂತಿತು. ಅತ್ತೆ ಸೆರಗಿನಿಂದ ಫೋನು ತೆಗೆದು ನನ್ನ ಮುಖಕ್ಕೆ ಹಿಡಿದರು. ಮೊನ್ನೆ, ಶುಕ್ಲ ಪಕ್ಷ, ಏಕಾದಶಿ. ನಿನ್ನೆ, ಶುಕ್ಲ ಪಕ್ಷ, ಏಕಾದಶಿ. ಇವತ್ತು, ಶುಕ್ಲ ಪಕ್ಷ, ಏಕಾದಶಿ. ಚಂದ್ರ ಒಂದು ಕೂದಲೆಳೆಯಷ್ಟೂ ಬೆಳೆದಿರಲಿಲ್ಲ.

"ಮೊನ್ನೆ ಉಪವಾಸ ಮಾಡ್ದೆ," ಅತ್ತೆ ಶುರುಮಾಡಿದರು. "ನಿನ್ನೆ ಬೆಳಗ್ಗೆ ಪಾರಣೆಗೆ ಅಂತ ಅನ್ನ ಹುಳಿ ಮಾಡಿ ನೋಡ್ತೀನಿ, ಮತ್ತೆ ಏಕಾದಶಿ. ಒಂದೊಂದ್ ಸಲ ಎರಡು ದಿನ ಬರತ್ತಲ್ಲ, ಸ್ಮಾರ್ತರಿಗೆ ಒಂದಿನ, ವೈಷ್ಣವರಿಗೆ ಒಂದಿನ. ಇರ್ಬೋದು, ನಾನು ಯಾವುದೋ ತಪ್ಪು ದಿನ ಮಾಡಿದೀನಿ, ಎರಡೂ ಮಾಡಿಬಿಟ್ರೆ ಪುಣ್ಯ ಎಲ್ಲೂ ಹೋಗಲ್ಲ ಅಂತ ನಿನ್ನೇನೂ ಹಾಲು ಬಾಳೆಹಣ್ಣಿನಲ್ಲೇ ಕಳೆದೆ. ಅನ್ನಾನ ಕೆಲಸದವಳಿಗೆ ಕೊಟ್ಟೆ. ಇವತ್ತು ಎದ್ದು ನೋಡ್ತೀನಿ, ಮೂರನೇದು! ಇದ್ಯಾವ ಪಂಥದವ್ರಿಗೆ?"

ನಗು ಬಂತು. ಪಾಪ, ಹಸಿದ ಹೆಂಗಸಿನ ಮುಂದೆ ನಗಬಾರದು, ನಾನು ಒಗ್ಗರಣೆ ಸೌಟು ಹುಡುಕುವ ನೆಪದಲ್ಲಿ ತಿರುಗಿ ನಿಂತೆ.

"ಅತ್ತೆ, ನಿಮ್ಮನೇಲಿ ಕ್ಯಾಲೆಂಡರ್ ಇಲ್ವಾ?"

"ಯಾಕಿಲ್ಲ? ಅದ್ರಲ್ಲಿ ದ್ವಾದಶಿ ಅಂತ ಇತ್ತು. ಪ್ರಿಂಟ್ ಮಾಡೋರಿಗೆ ಏನ್ ಗೊತ್ತು? ಅಣ್ಣ ಹೇಳಿದ್ಮೇಲೆ ಮುಗೀತು."

ಅಷ್ಟರಲ್ಲಿ ಮಾವ ಬಂದರು, ಕೈಯಲ್ಲಿ ಒಂದು ಕಟ್ಟು ಕೊತ್ತಂಬರಿ. ತಂಗಿಯನ್ನು ಕಂಡು ಮುಖ ಅರಳಿತು. "ಏನೇ, ಇಷ್ಟ್ ಬೆಳಗ್ಗೆ?"

"ಅಣ್ಣಾ, ಈ ಏಕಾದಶಿ ಯಾವಾಗ ಮುಗಿಯತ್ತೆ? ಅದೊಂದ್ ಹೇಳ್ಬಿಡು."

"ಯಾವ ಏಕಾದಶಿ? ಇವತ್ತು ತ್ರಯೋದಶಿ. ನಾನೇ ಕಳಿಸಿದೀನಲ್ಲ. ನಿನ್ನೆ ಸಂಜೆ ಬರೆದು ಎರಡು ಸಲ ಓದಿದೀನಿ!"

ಅತ್ತೆ ಫೋನು ತೋರಿಸಿದರು. ಮಾವ ಕನ್ನಡಕ ಹಾಕಿಕೊಂಡರು, ತೆಗೆದರು, ಒರೆಸಿ ಮತ್ತೆ ಹಾಕಿಕೊಂಡರು. ನಾನು ಅವರ ಫೋನು ತೆಗೆದುಕೊಂಡು ಕ್ಲಿಪ್‌ಬೋರ್ಡು ತೆರೆದೆ. ಅಲ್ಲಿ ಒಂದೇ ಒಂದು ತುಣುಕು ಕೂತಿತ್ತು, ನಾನು ಪಿನ್ ಮಾಡಿಕೊಟ್ಟ ಏಕಾದಶಿ. ಆಗ ಎಲ್ಲ ಹೊಳೆಯಿತು. ಮಾವ ನಾನು ಹೇಳಿದ ಹಾಗೆಯೇ ಸಂಜೆ ಪಿನ್ನಿನಲ್ಲಿದ್ದದ್ದನ್ನು ಹಾಕಿ, ತಿಥಿ ನಕ್ಷತ್ರ ತಿದ್ದಿ, ಮೊದಲಿನಂತೆಯೇ ಎಲ್ಲವನ್ನೂ ಕಟ್ ಮಾಡಿ ಇಟ್ಟಿದ್ದಾರೆ. ತಿದ್ದಿದ್ದನ್ನು ಪಿನ್ ಮಾಡಿಲ್ಲ. ಗಂಟೆ ಕಳೆದ ಮೇಲೆ ತಿದ್ದಿದ್ದು ಹೋಯಿತು, ಪಿನ್ನಾದ ಹಳೆಯದು ಉಳಿಯಿತು. ಕ್ಲಿಪ್‌ಬೋರ್ಡಿನ ತುಣುಕಿನಲ್ಲಿ ಮೊದಲ ಕೆಲವು ಸಾಲು ಮಾತ್ರ ಕಾಣುತ್ತದೆ. ನಮ್ಮ ಮಾವನ ಮೊದಲ ಸಾಲುಗಳೋ, ಶ್ರೀ, ಸಂವತ್ಸರ, ಅಯನ, ಋತು. ಎರಡು ತಿಂಗಳಾಗುವವರೆಗೂ ಋತು ಬದಲಾಗುವುದಿಲ್ಲ! ಬೆಳಗ್ಗೆ ಅದನ್ನೇ ನಿನ್ನೆ ಸಂಜೆಯದು ಎಂದುಕೊಂಡು ಒತ್ತಿ ಕಳಿಸಿ, ನೋಡದೆ ಪಾರ್ಕಿಗೆ ಹೋಗಿದ್ದಾರೆ.

ನಾನು ಇದನ್ನೆಲ್ಲ ವಿವರಿಸಿದೆ. ಅತ್ತೆಗೆ ಅದರಲ್ಲಿ ಒಂದೇ ವಿಷಯ ಬೇಕಿತ್ತು.

"ಅಂದ್ರೆ ನಿನ್ನೇನೇ ದ್ವಾದಶಿ ಆಗ್ಹೋಯ್ತಾ?"

"ಆಗ್ಹೋಯ್ತು ಅತ್ತೆ."

"ಪಾರಣೆ ತಪ್ಪಿಸ್ಬಿಟ್ಯಲ್ಲೋ ಪುಣ್ಯಾತ್ಮ! ಹುಳಿಗೆ ನುಗ್ಗೇಕಾಯಿ ಹಾಕಿದ್ದೆ!"

ಅತ್ತೆ ಎರಡು ತಟ್ಟೆ ಅವಲಕ್ಕಿ ತಿಂದರು. ಮೂರನೆಯದಕ್ಕೆ ಮೊಸರು ಹಾಕಿಸಿಕೊಂಡರು. ತಿಂದ ಮೇಲೆ ಕೋಪ ಇಳಿದು ಅಣ್ಣನ ತಲೆಗೂದಲು ಬಹಳ ಬೆಳೆದಿದೆ, ಕತ್ತರಿಸಿಕೋ ಎಂದು ಬೈಯುವ ಮಟ್ಟಕ್ಕೆ ಬಂದರು. ಆದರೆ ಮಾವ ಅವರ ಮಾತು ಕೇಳುತ್ತಿರಲಿಲ್ಲ. ಫೋನು ಹಿಡಿದು ಗ್ರೂಪಿನಲ್ಲಿ ಮೇಲಕ್ಕೆ ಹೋಗುತ್ತಿದ್ದರು, ಕೆಳಕ್ಕೆ ಬರುತ್ತಿದ್ದರು. ಮೂರು ದಿನ ಒಂದೇ ತಿಥಿ, ಒಂದೇ ನಕ್ಷತ್ರ, ಒಂದೇ ರಾಹುಕಾಲ. ಪ್ರತಿಯೊಂದರ ಕೆಳಗೂ ಕೈ ಮುಗಿದ ಚಿತ್ರಗಳ ಸಾಲು. ಹುಳಿಮಾವಿನ ನೆಂಟರು ಮೂರು ದಿನವೂ ಮುಗಿದಿದ್ದರು. ತಲಘಟ್ಟಪುರದವರು ಮುಗಿದಿದ್ದರು. ಚಿಕ್ಕಮಾವ ಒಂದು ಕೈಯ ಜೊತೆ ಒಂದು ಗುಲಾಬಿಯನ್ನೂ ಇಟ್ಟಿದ್ದರು. ನನ್ನ ಗಂಡ ಕೂಡ, ಸ್ವಂತ ಮಗ, ಮೂರು ದಿನವೂ.

"ಯಾರೂ ಓದಲ್ಲ ಕಣಮ್ಮ," ಅಂದರು ಮಾವ.

"ಹಾಗಲ್ಲ ಮಾವ, ಬೆಳಗ್ಗೆ ಗಡಿಬಿಡೀಲಿ..."

"ನೀನು ಓದಿದ್ಯಾ?"

ನಾನು ಕಾಯುವುದೆಲ್ಲ ಕಾದಿದ್ದೆ, ಓದಿರಲಿಲ್ಲ.

"ನಾಳೆಯಿಂದ ನಿಲ್ಲಿಸ್ತೀನಿ. ನನ್ನ ತಮ್ಮನ ಗುಲಾಬಿ ಹೂವು ಸಾಕು ಇವರಿಗೆ," ಎಂದು ಮಾವ ಫೋನನ್ನು ಟೀಪಾಯಿಯ ಮೇಲೆ ಬೋರಲು ಹಾಕಿದರು. ಸಂಜೆ ಪಂಚಾಂಗದ ಪುಸ್ತಕ ಕಪಾಟಿನಿಂದ ಕೆಳಗೆ ಬರಲಿಲ್ಲ. ಮಾವ ದೀಪ ಹಚ್ಚುವ ಮೊದಲೇ ಕೋಣೆ ಸೇರಿ ಗೋಡೆಗೆ ಮುಖ ಮಾಡಿ ಮಲಗಿದರು. ನಾನು ಗಂಡನಿಗೆ ಹೇಳಿದೆ, "ನೀವು ಓದಬಾರ್ದಿತ್ತಾ?" ಅವರು ಮತ್ತೆ "ಸಾರಿ" ಅಂದರು. ಈ ಸಲ ನಿಜವಾಗಿ ಅಂದರು.

ಮರುದಿನ ಬೆಳಗ್ಗೆ ನಾನು ಎದ್ದಾಗ ಸೋಫಾ ಖಾಲಿ. ಹಾಲು ಕಾಯಿಸಿ, ಕಾಫಿ ಲೋಟ ಹಿಡಿದು ಕೋಣೆಗೆ ಹೋದೆ. ಮಾವ ಎದ್ದಿದ್ದರು, ಮಂಚದ ಮೇಲೆ ಕೂತು ಫೋನು ದುರುಗುಟ್ಟಿ ನೋಡುತ್ತಿದ್ದರು. ಮುಖದಲ್ಲಿ ಬೇಸರಕ್ಕಿಂತ ಸಿಟ್ಟು ಹೆಚ್ಚಾಗಿತ್ತು. ಸಿಟ್ಟಾದರೆ ಪರವಾಗಿಲ್ಲ, ಸಿಟ್ಟಿನವರು ಮಲಗುವುದಿಲ್ಲ.

"ಕುಂಬಳಕಾಯಿ ಇದ್ಯಾ ಇದರಲ್ಲಿ?" ಎಂದು ಕೇಳಿದರು.

"ಅಡುಗೆಗಾ ಮಾವ?"

"ಪಂಚಾಂಗಕ್ಕೆ. ನೋಡೇ ಬಿಡೋಣ ಇವತ್ತು, ಎಷ್ಟು ಜನ ಕೈ ಮುಗೀತಾರೆ ಅಂತ."

ನನಗೆ ಅರ್ಥವಾಗಲು ಒಂದು ಗುಟುಕು ಕಾಫಿ ಬೇಕಾಯಿತು. ಆಮೇಲೆ ನಾನೂ ಮಂಚದ ತುದಿಯಲ್ಲಿ ಕೂತೆ. ಹುಡುಕುವ ಜಾಗದಲ್ಲಿ ಪಂಪ್ಕಿನ್ ಎಂದು ಹೊಡೆದೆವು. ಕಣ್ಣು ಹಲ್ಲು ಕೊರೆದ ಕುಂಬಳಕಾಯಿ ಬಂತು.

"ಇದೇನು, ಕಟ್ಟೋ ಮನೆಗೆ ದೃಷ್ಟಿ ತೆಗೆಯೋಕೆ ನೇತುಹಾಕೋ ಹಾಗಿದೆ?"

"ಬೇರೆ ಕುಂಬಳಕಾಯಿ ಇಲ್ಲ ಮಾವ."

"ಇರ್ಲಿ, ಇದೇ ಸರಿ."

ಪಿನ್ನಿನಲ್ಲಿದ್ದದ್ದನ್ನು ಹಾಕಿದೆವು. ಶ್ರೀ, ಸಂವತ್ಸರ, ಅಯನ, ಋತು, ಎಲ್ಲ ಶಾಸ್ತ್ರೋಕ್ತವಾಗಿ. ಅದರ ಕೆಳಗೆ ಮಾವ ತಾವೇ ಟೈಪ್ ಮಾಡಿದರು. ತಿಥಿ: ಹದಿನೇಳನೆಯದು. ನಕ್ಷತ್ರ: ಕುಂಬಳಕಾಯಿ 🎃. ರಾಹುಕಾಲ: ತಿಂಡಿ ಆದ ಮೇಲೆ. ದೇವರ ಕಡೆ ತಿರುಗಿ ಕೆನ್ನೆ ಕೆನ್ನೆ ಬಡಿದುಕೊಂಡು, ಕಳಿಸಿದರು.

ಇಬ್ಬರೂ ಉಸಿರು ಬಿಗಿಹಿಡಿದು ಕಾದೆವು. ಮೊದಲು ಬಂದದ್ದು ಚಿಕ್ಕಮಾವನ 🙏, ಗುಲಾಬಿ ಸಮೇತ. ಹಿಂದೆಯೇ ಹುಳಿಮಾವು. ಅದರ ಹಿಂದೆ ತಲಘಟ್ಟಪುರ, 'ಶುಭೋದಯ' ಎಂಬ ಮಾತಿನ ಜೊತೆ. ಒಂದು, ಎರಡು, ನಾಲ್ಕು ಕೈಗಳು ಟಪಟಪ ಬಂದು ಬಿದ್ದವು. ಪಕ್ಕದ ಕೋಣೆಯಿಂದ ನನ್ನ ಗಂಡ ಮಾತ್ರ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡು ಓಡಿಬಂದು, "ಅಪ್ಪಾ, ಕುಂಬಳಕಾಯಿ?" ಅಂದರು. ಮಾವ ಅವರ ಕಡೆ ತಿರುಗಲಿಲ್ಲ. ನಿನ್ನೆ ಬೈಸಿಕೊಂಡು ಇವತ್ತು ಓದಿದವನು ಲೆಕ್ಕಕ್ಕಿಲ್ಲ. ಕೈ ಮುಗಿಯುವವರ ಸಾಲು ಉದ್ದವಾದ ಹಾಗೆ ಮಾವನ ಭುಜ ಇಳಿಯುತ್ತಾ ಬಂತು. ನಗುತ್ತಿದ್ದ ನನಗೂ ನಗು ನಿಂತುಹೋಯಿತು. ಮಾವ ದಿಂಬು ಸರಿಮಾಡಿಕೊಂಡು ಮಲಗಲು ಹೊರಟರು.

ಆಗ ಫೋನು ಬಡಿದುಕೊಂಡಿತು. ಮೆಸೇಜಲ್ಲ, ಕರೆ. ಮಾವನಿಗೆ ಕಿವಿ ಸ್ವಲ್ಪ ದೂರವಾದ್ದರಿಂದ ಸ್ಪೀಕರ್ ಹಾಕಿದೆ.

"ಅಣ್ಣಾ," ಇಟ್ಟಮಡು ಅತ್ತೆಯ ದನಿ, ಹಿಂದೆ ಪಾತ್ರೆಗಳ ಸದ್ದು. "ಇವತ್ತು ಕುಂಬಳಕಾಯಿ ನಕ್ಷತ್ರ ಅಂತ ಹಾಕಿದೀಯಲ್ಲ, ಹಾಗಂದ್ರೆ ಕುಂಬಳಕಾಯಿ ತಿನ್ನಬೇಕಾ, ತಿನ್ನಬಾರ್ದಾ? ಸಿಪ್ಪೆ ಹೆರೆದು ಇಟ್ಕೊಂಡಿದೀನಿ."

ಮಾವ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಅಣ್ಣಾ? ಮೂರು ದಿನ ಉಪವಾಸ ಹಾಕಿದ್ದು ಸಾಲ್ದಾ, ಈಗ ಕುಂಬಳಕಾಯೀನೂ ಕಿತ್ಕೋತೀಯಾ?"

"ತಿನ್ನೇ ನಮ್ಮಮ್ಮಾ, ತಿನ್ನು," ಅಂದರು ಮಾವ. ನಗುತ್ತಿದ್ದರು. "ಅದು ತಪ್ಪು ಹೋಗಿದೆ. ಇವತ್ತು ಚತುರ್ದಶಿ."

"ಬಾಯಲ್ಲಿ ಹೇಳಿದ್ರೆ ಆಗಲ್ಲ. ಸರಿಯಾಗಿರೋದನ್ನ ಬರೆದು ಕಳಿಸು, ಚಂದ್ರ ಹಾಕಿ. ಅದು ಬರೋವರ್ಗೂ ನಾನು ಒಲೆ ಹಚ್ಚಲ್ಲ."

ಮಾವ ಮಂಚದಿಂದ ಇಳಿದು, ಪಂಚೆ ಬಿಗಿಮಾಡಿಕೊಂಡು, ಪಂಚಾಂಗದ ಪುಸ್ತಕ ಎಲ್ಲಿ ಎಂದು ನನ್ನನ್ನು ಗದರಿದರು.